ನುಗ್ಗೆ ಸೊಪ್ಪು ಹಸಿಯಾಗಿ ತಿನ್ಬೇಕಾ, ಬೇಯಿಸಿ ತಿನ್ಬೇಕಾ? ಐರನ್ ಕಮ್ಮಿ ಇರೋ ಹೆಂಗಸರಿಗಾಗಿ ಒಂದು ಹೋಲಿಕೆ

ನಮ್ಮಕ್ಕಂಗೆ ಹಿಮೋಗ್ಲೋಬಿನ್ 10 ಅಂತ ರಿಪೋರ್ಟ್ ಬಂದಾಗ ಅವಳು ಮೊದಲು ಮಾಡಿದ ಕೆಲಸ ಅಂದ್ರೆ ದಿನಾ ಬೆಳಿಗ್ಗೆ ಎರಡು ಹಿಡಿ ಹಸಿ ನುಗ್ಗೆ ಸೊಪ್ಪನ್ನ ಮಿಕ್ಸಿಗೆ ಹಾಕಿ, ಸೋಸಿ, ಒಂದು ಲೋಟ ಜ್ಯೂಸ್ ಕುಡಿಯೋಕೆ ಶುರು ಮಾಡಿದ್ದು. ಬೇಯಿಸಿದ್ರೆ ಸತ್ವ ಎಲ್ಲಾ ಹೋಗತ್ತೆ, ಹಸಿಯಾಗೇ ತಗೋಬೇಕು ಅಂತ ಯಾರೋ ಹೇಳಿದ್ರಂತೆ. ಜ್ಯೂಸ್ ಕಹಿ ಇರೋದ್ರಿಂದ ಅದರ ಹಿಂದೇನೇ ಒಂದು ಕಾಫಿ. ಮೂರು ತಿಂಗಳು ಒಂದು ದಿನಾನೂ ತಪ್ಪಿಸದೆ ಮಾಡಿದ್ಳು. ಆಮೇಲೆ ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 9.8, ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ತೋರ್ಸೋ ಫೆರಿಟಿನ್ 7. ಏರೋದಿರ್ಲಿ, ಸ್ವಲ್ಪ ಇಳಿದೇ ಇತ್ತು. ಅವಳು ಅತ್ತುಬಿಟ್ಳು ಪಾಪ, ಅಷ್ಟು ಕಷ್ಟಪಟ್ಟು ಕುಡಿದಿದ್ಳು. ಆವಾಗ ನಾನು ಕೂತು ಹಸಿ ಸೊಪ್ಪು ಮತ್ತೆ ಬೇಯಿಸಿದ ಸೊಪ್ಪು ಎರಡನ್ನೂ ಲೆಕ್ಕ ಹಾಕಿ ನೋಡಿದೆ, ಅದನ್ನೇ ಇಲ್ಲಿ ಬರೀತಾ ಇದೀನಿ.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ಐರನ್‌ಗೋಸ್ಕರ ಅಂತಾದ್ರೆ ಬೇಯಿಸಿದ್ದೇ ವಾಸಿ, ಆದ್ರೆ ಬೇಯಿಸೋ ರೀತಿ ಸರಿ ಇರ್ಬೇಕು, ಬೇಯಿಸಿದ ನೀರು ಚೆಲ್ಲಬಾರದು. ಮತ್ತೆ ಹಸಿಯಾಗ್ಲಿ ಬೆಂದಿದ್ದಾಗ್ಲಿ, ಒಂದ್ಸಲ ಐರನ್ ಪೂರ್ತಿ ಖಾಲಿ ಆದ್ಮೇಲೆ ಬರೀ ಸೊಪ್ಪಿಂದ ತುಂಬಿಸೋಕೆ ಆಗಲ್ಲ. ಯಾಕೆ ಅನ್ನೋದಕ್ಕೆ ಲೆಕ್ಕ ಕೆಳಗಿದೆ.

ಬೇಯಿಸಿದ್ರೆ ನಿಜವಾಗ್ಲೂ ಏನು ಹೋಗತ್ತೆ

ಐರನ್ ಒಂದು ಲೋಹ. ವಿಟಮಿನ್ ಥರ ಬಿಸಿಗೆ ಒಡೆದು ನಾಶ ಆಗೋ ವಸ್ತು ಅಲ್ಲ ಅದು, ಒಲೆ ಮೇಲೆ ಎಷ್ಟೊತ್ತು ಇಟ್ರೂ ಪಾತ್ರೆ ಒಳಗೇ ಇರತ್ತೆ. ಆದ್ರೆ ಸೊಪ್ಪಿಂದ ಬಿಟ್ಕೊಂಡು ನೀರಿಗೆ ಇಳಿಯತ್ತೆ, ಆ ನೀರು ಬಸಿದು ಚೆಲ್ಲಿದ್ರೆ ಅದರ ಜೊತೆ ಹೋಗತ್ತೆ, ಅಷ್ಟೇ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟೀಲಿ 100 ಗ್ರಾಂ ಹಸಿ ನುಗ್ಗೆ ಸೊಪ್ಪಲ್ಲಿ 4 ಮಿಲಿಗ್ರಾಂ ಐರನ್ ಅಂತ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರ 2017ರ ಪಟ್ಟೀಲಿ 4.56 ಇದೆ, ಅಂದ್ರೆ ಎರಡೂ ಹತ್ತಿರ ಹತ್ತಿರಾನೇ. ಅದೇ ಅಮೆರಿಕದ ಪಟ್ಟೀಲಿ ಬೇಯಿಸಿ ನೀರು ಬಸಿದ ಸೊಪ್ಪಿಗೆ 100 ಗ್ರಾಂಗೆ 2.3 ಮಿಲಿಗ್ರಾಂ ಅಂತ ಇದೆ. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದೋರು ಬೇಯಿಸಿದ್ರೆ ಅರ್ಧ ಐರನ್ ಹೋಗತ್ತೆ ಅಂತ ತೀರ್ಮಾನ ಮಾಡ್ತಾರೆ. ಆದ್ರೆ ಬೆಂದ ಸೊಪ್ಪಲ್ಲಿ ನೀರಿನ ಅಂಶ ಹೆಚ್ಚಿರೋದ್ರಿಂದ ಅದೇ 100 ಗ್ರಾಂಗೆ ಸೊಪ್ಪಿನ ಪಾಲು ಕಮ್ಮಿ ಬರತ್ತೆ, ಅದನ್ನ ಸರಿ ಮಾಡಿ ಲೆಕ್ಕ ಹಾಕಿದ್ರೆ ನಿಜವಾಗಿ ಕಮ್ಮಿ ಆಗಿರೋದು ಹತ್ತಿರ ಹತ್ತಿರ ಮೂರನೇ ಒಂದು ಪಾಲು. ವಿಟಮಿನ್ ಸಿಗೂ (ಹಸೀಲಿ 52 ಮಿಲಿಗ್ರಾಂ, ಬೇಯಿಸಿ ಬಸಿದ್ಮೇಲೆ 31) ಇದೇ ಥರ ಲೆಕ್ಕ ಹಾಕಿದ್ರೆ ಅದೂ ಮೂರನೇ ಒಂದು ಪಾಲೇ, ಫೋಲೇಟ್ ಅನ್ನೋ ಬಿ ವಿಟಮಿನ್‌ಗೂ ಅಷ್ಟೇ (40 ಇದ್ದಿದ್ದು 23 ಮೈಕ್ರೋಗ್ರಾಂ).

ಇದನ್ನ ನೋಡಿ ನಂಗೆ ಒಂದು ವಿಷಯ ಹೊಳೀತು. ಐರನ್ ಬಿಸಿಗೆ ಹಾಳಾಗಲ್ಲ, ಆದ್ರೂ ಅದೂ ಮೂರನೇ ಒಂದು ಪಾಲು ಹೋಗಿದೆ ಅಂದ್ರೆ ಆ ಪಾಲು ಪೂರ್ತಿ ಬಸಿದ ನೀರಲ್ಲೇ ಇರ್ಬೇಕು, ಬೇರೆ ಎಲ್ಲಿಗೆ ಹೋಗತ್ತೆ? ವಿಟಮಿನ್ ಸಿ ಮತ್ತೆ ಫೋಲೇಟಲ್ಲೂ ಹೋಗಿರೋ ದೊಡ್ಡ ಭಾಗ ನೀರಿಗೇ ಹೋಗಿರೋ ಸಾಧ್ಯತೆ ಜಾಸ್ತಿ. ಅಂದ್ರೆ ಸೊಪ್ಪಿಗೆ ನಷ್ಟ ಮಾಡೋದು ಒಲೆಗಿಂತ ಜಾಸ್ತಿ ನಾವು ಬಸಿದು ಚೆಲ್ಲೋ ನೀರು. ಕಹಿ ಹೋಗ್ಲಿ ಅಂತ ಮೊದಲ ನೀರು ಚೆಲ್ಲೋ ಅಭ್ಯಾಸ ಇರೋರು ತುಂಬಾ ಜನ ಇದಾರೆ, ಅವ್ರಿಗೆ ಇದು ಗೊತ್ತಿರ್ಲಿ. ಕಹಿ ಬೇಡ ಅಂದ್ರೆ ಎಳೆ ಸೊಪ್ಪು ಆರಿಸ್ಕೊಳಿ, ಇಲ್ಲಾ ಬೇರೆ ಸೊಪ್ಪಿನ ಜೊತೆ ಬೆರೆಸಿ, ನೀರು ಮಾತ್ರ ಚೆಲ್ಬೇಡಿ.

ಹಾಗಂತ ಬಿಸಿಯಿಂದ ಏನೂ ಆಗಲ್ಲ ಅಂತಲ್ಲ. ವಿಟಮಿನ್ ಸಿ ಬಿಸೀಲಿ ನಿಧಾನಕ್ಕೆ ಹಾಳಾಗತ್ತೆ, ಅರ್ಧ ಗಂಟೆ ಕುದಿಸಿದ್ರೆ ಅಥವಾ ಬೆಳಿಗ್ಗೆ ಮಾಡಿದ್ದನ್ನ ಮಧ್ಯಾಹ್ನ ರಾತ್ರಿ ಎರಡೆರಡು ಸಲ ಬಿಸಿ ಮಾಡಿದ್ರೆ ಉಳಿಯೋದು ಸ್ವಲ್ಪಾನೇ. ಐರನ್ ಹಾಗೇ ಇರತ್ತೆ, ಆದ್ರೆ ಅದನ್ನ ಹೀರ್ಕೊಳೋಕೆ ಸಹಾಯ ಮಾಡೋ ವಿಟಮಿನ್ ಸಿ ಹೋಗಿರತ್ತೆ.

100 ಗ್ರಾಂ ಲೆಕ್ಕ ಬಿಡಿ, ತಟ್ಟೆ ಲೆಕ್ಕ ನೋಡಿ

ಹಸಿ ಸೊಪ್ಪಿನ ಪರವಾಗಿ ಮಾತಾಡೋರೆಲ್ಲ ಮಾಡೋ ತಪ್ಪು ಇದೇ ಅಂತ ನನಗನ್ಸತ್ತೆ, 100 ಗ್ರಾಂಗೆ 100 ಗ್ರಾಂ ಹೋಲಿಸ್ತಾರೆ, ಆದ್ರೆ 100 ಗ್ರಾಂ ಹಸಿ ನುಗ್ಗೆ ಸೊಪ್ಪು ಯಾರು ತಿಂತಾರೆ ಹೇಳಿ? ಕಡ್ಡಿ ಬಿಡಿಸಿದ ಎಲೆ ಒಂದು ಹಿಡಿ ಅಂದ್ರೆ ಸುಮಾರು 10 ಗ್ರಾಂ. ಹಸಿಯಾಗಿ ಹೆಚ್ಚು ಅಂದ್ರೆ ಒಂದು ಹಿಡಿ ಜಗಿದು ತಿನ್ನಬಹುದು, ಅಷ್ಟಕ್ಕೇ ಖಾರ, ಕಹಿ, ಗಂಟಲು ಕೆರೆದ ಹಾಗೆ ಆಗತ್ತೆ. ಬೇಯಿಸಿದ್ರೆ ಐದು ಹಿಡಿ ಸೊಪ್ಪು ಬಾಡಿ ಒಂದು ಸಣ್ಣ ಬಟ್ಟಲಿಗೆ ಇಳಿಯತ್ತೆ, ಊಟದ ಜೊತೆ ಆರಾಮಾಗಿ ಹೋಗತ್ತೆ.

ಈಗ ಲೆಕ್ಕ ಹಾಕಿ. ಒಂದು ಹಿಡಿ ಹಸಿ ಸೊಪ್ಪಲ್ಲಿ ಐರನ್ 0.4 ಮಿಲಿಗ್ರಾಂ, ವಿಟಮಿನ್ ಸಿ ಸುಮಾರು 5 ಮಿಲಿಗ್ರಾಂ. ಐದು ಹಿಡಿ ಸೊಪ್ಪನ್ನ ನೀರು ಚೆಲ್ಲದೆ ಬೇಯಿಸಿದ್ರೆ ಐರನ್ 2 ಮಿಲಿಗ್ರಾಂ ಪೂರ್ತಿ ತಟ್ಟೆಗೆ ಬರತ್ತೆ, ವಿಟಮಿನ್ ಸಿ ಮೂರನೇ ಒಂದು ಪಾಲು ಹಾಳಾಯ್ತು ಅಂತಾನೇ ಇಟ್ಕೊಂಡ್ರೂ 16-17 ಮಿಲಿಗ್ರಾಂ ಉಳಿಯತ್ತೆ. ಅಂದ್ರೆ ಬೇಯಿಸಿದ ತಟ್ಟೇಲಿ ಐದು ಪಟ್ಟು ಐರನ್, ಮೂರು ಪಟ್ಟು ವಿಟಮಿನ್ ಸಿ. ಬೇಯಿಸಿದ್ರೆ ವಿಟಮಿನ್ ಸಿ ಹೋಗತ್ತೆ ಅನ್ನೋ ಮಾತು ಎಲೆ ಲೆಕ್ಕದಲ್ಲಿ ನಿಜ, ಊಟದ ಲೆಕ್ಕದಲ್ಲಿ ಉಲ್ಟಾ.

ಜ್ಯೂಸ್ ಮಾಡಿದ್ರೆ ಜಾಸ್ತಿ ಸೊಪ್ಪು ಒಳಗೆ ಹೋಗತ್ತಲ್ವಾ ಅಂತ ಕೇಳ್ತೀರ, ನಮ್ಮಕ್ಕನೂ ಅದನ್ನೇ ಹೇಳಿದ್ಳು. ಅವಳ ಎರಡು ಹಿಡೀಲಿ ಇದ್ದಿದ್ದು 0.8 ಮಿಲಿಗ್ರಾಂ ಐರನ್, ಅದರಲ್ಲೂ ಸೋಸಿ ಚರಟ ಬಿಸಾಡ್ತಿದ್ಳು, ಆ ಚರಟದ ಜೊತೆ ಹೋಗಿದ್ದು ಬೇರೆ. ಇನ್ನೊಂದು ವಿಷಯ ಏನಂದ್ರೆ, ಹಸಿ ಎಲೆ ಅರೆದಾಗ ಅದರೊಳಗಿನ ಎಂಜೈಮ್‌ಗಳೆಲ್ಲ ಹೊರಗೆ ಬಂದು ಕೆಲಸ ಶುರು ಮಾಡ್ತವೆ. ನುಗ್ಗೇಲಿ ಸಾಸಿವೆ ಥರದ ಘಾಟು ಬರೋದು ಅಂಥಾ ಒಂದು ಎಂಜೈಮಿಂದಾನೇ, ಸೂಕ್ಷ್ಮ ಹೊಟ್ಟೆ ಇರೋರಿಗೆ ಉರಿ, ಲೂಸ್ ಮೋಷನ್ ಆಗೋದುಂಟು. ಜೊತೆಗೆ ಅರೆದ ಸೊಪ್ಪು ಗಾಳಿಗೆ ಸೇರಿದ ತಕ್ಷಣ ವಿಟಮಿನ್ ಸಿ ಕಮ್ಮಿ ಆಗ್ತಾ ಹೋಗತ್ತೆ, ಮಾಡಿಟ್ಟು ಅರ್ಧ ಗಂಟೆ ಬಿಟ್ಟು ಕುಡಿಯೋ ಜ್ಯೂಸಿಂದ ಹಸಿ ಅನ್ನೋ ಹೆಸರಿನ ಲಾಭಾನೂ ಪೂರ್ತಿ ಸಿಗಲ್ಲ. ಕುದಿಯೋ ನೀರಿಗೆ ಹಾಕಿದ ಸೊಪ್ಪಲ್ಲಿ ಈ ಎಂಜೈಮ್‌ಗಳು ಬೇಗ ನಿಂತೋಗ್ತವೆ.

ತಟ್ಟೇಲಿ ಇರೋದು ಬೇರೆ, ರಕ್ತಕ್ಕೆ ಸೇರೋದು ಬೇರೆ

ಗಿಡದಿಂದ ಬರೋ ಐರನ್ ನಮ್ಮ ದೇಹ ಪೂರ್ತಿ ತಗೊಳಲ್ಲ. ಮಾಂಸದಲ್ಲಿ ಇರೋ ಥರದ ಐರನ್ ಸುಲಭವಾಗಿ ಸೇರತ್ತೆ, ಸೊಪ್ಪು, ಕಾಳು, ಧಾನ್ಯದ್ದು ಕಷ್ಟಪಟ್ಟು ಸೇರತ್ತೆ. ನುಗ್ಗೆ ಸೊಪ್ಪಲ್ಲಿ ಪಾಲಿಫಿನಾಲ್‌ಗಳು ಜಾಸ್ತಿ ಇವೆ, ಆಂಟಿ ಆಕ್ಸಿಡೆಂಟ್ ಅಂತ ಎಲ್ರೂ ಹೊಗಳೋದು ಅವನ್ನೇ, ಆದ್ರೆ ಐರನ್ ವಿಷಯದಲ್ಲಿ ಅವು ಅಡ್ಡಗಾಲು, ಐರನ್ನ ಕಚ್ಚಿ ಹಿಡ್ಕೊಂಡು ಕರುಳಲ್ಲಿ ಬಿಟ್ಕೊಡಲ್ಲ. ಗಿಡದ ಆಹಾರದಲ್ಲಿರೋ ಫೈಟೇಟ್ ಅನ್ನೋ ವಸ್ತು ಮತ್ತೆ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಸ್ವಲ್ಪ ಸ್ವಲ್ಪ ಮಾಡ್ತವೆ.

ಇಲ್ಲೇ ಬೇಯಿಸೋದ್ರ ದೊಡ್ಡ ಲಾಭ ಇರೋದು. ತೈವಾನಲ್ಲಿರೋ ವರ್ಲ್ಡ್ ವೆಜಿಟೇಬಲ್ ಸೆಂಟರ್‌ನೋರು ನುಗ್ಗೆ ಸೊಪ್ಪನ್ನ ಹಸಿಯಾಗಿ ಮತ್ತೆ ಕುದಿಸಿ ಎರಡೂ ಥರ ಟೆಸ್ಟ್ ಮಾಡಿದ್ರು, ಲ್ಯಾಬಲ್ಲೇ ಹೊಟ್ಟೆ ಕರುಳಿನ ಥರ ಜೀರ್ಣ ಮಾಡಿಸಿ ಎಷ್ಟು ಐರನ್ ಬಿಡುಗಡೆ ಆಗತ್ತೆ ಅಂತ ನೋಡೋದು. ಕುದಿಸಿದ ಸೊಪ್ಪಲ್ಲಿ ಸಿಗೋ ಐರನ್ ಹಸಿಗಿಂತ ಮೂರು ಪಟ್ಟಿಗೂ ಜಾಸ್ತಿ ಬಂತು. ಇದು ಟೆಸ್ಟ್ ಟ್ಯೂಬಲ್ಲಿ ಸಿಕ್ಕ ಉತ್ತರ, ಮನುಷ್ಯರ ರಕ್ತದಲ್ಲಿ ಅಳೆದಿದ್ದಲ್ಲ, ಹಾಗಾಗಿ ನಾವು ತಿಂದಾಗ್ಲೂ ಕರೆಕ್ಟಾಗಿ ಮೂರು ಪಟ್ಟು ಸಿಗತ್ತೆ ಅಂತ ಹೇಳೋಕಾಗಲ್ಲ. ಆದ್ರೆ ದಿಕ್ಕು ಯಾವ ಕಡೆ ಅಂತ ಸ್ಪಷ್ಟವಾಗಿ ತೋರ್ಸತ್ತೆ. ಬೆಂದಾಗ ಎಲೆಯ ಜೀವಕೋಶದ ಗೋಡೆ ಮೆತ್ತಗಾಗಿ ಒಡೆಯತ್ತೆ, ಒಳಗಿದ್ದದ್ದು ಹೊರಗೆ ಬರೋಕೆ ದಾರಿ ಆಗತ್ತೆ, ಹಲ್ಲಲ್ಲಿ ಎಷ್ಟು ಜಗಿದ್ರೂ ಹಸಿ ಎಲೇಲಿ ಅಷ್ಟು ಆಗಲ್ಲ.

ನೀವೇ ಸುಲಭವಾಗಿ ಸೇರಿಸಬಹುದಾದ ಇನ್ನೊಂದು ಸಹಾಯ ವಿಟಮಿನ್ ಸಿ. ಅದು ಐರನ್ನ ಕರುಳು ಹೀರ್ಕೊಳೋ ರೂಪಕ್ಕೆ ತಂದು, ಪಾಲಿಫಿನಾಲ್‌ನ ಹಿಡಿತದಿಂದ ಬಿಡಿಸತ್ತೆ. ಆದ್ರೆ ಅದೇ ಊಟದಲ್ಲಿ, ಅದೇ ಹೊತ್ತಲ್ಲಿ ಹೊಟ್ಟೇಲಿ ಇರ್ಬೇಕು. ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಸೊಪ್ಪು ತಿಂದ್ರೆ ಒಂದಕ್ಕೊಂದು ಭೇಟಿನೇ ಆಗಲ್ಲ. ಒಂದು ನಿಂಬೆಹಣ್ಣಿನ ರಸದಲ್ಲಿ ಸುಮಾರು 20 ಮಿಲಿಗ್ರಾಂ ವಿಟಮಿನ್ ಸಿ ಇರತ್ತೆ, ಸೊಪ್ಪಲ್ಲಿ ಉಳಿದಿರೋ 16-17 ಸೇರಿದ್ರೆ 35ರ ಮೇಲಾಯ್ತು, ಒಂದು ಊಟಕ್ಕೆ ಒಳ್ಳೇ ಪ್ರಮಾಣ ಅದು. ಸೀಬೆಹಣ್ಣು ಸಿಕ್ರೆ ಇನ್ನೂ ಒಳ್ಳೇದು, ಅದ್ರಲ್ಲಿ ನಿಂಬೆಗಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ, ಊಟದ ಜೊತೆಗೇ ನಾಲ್ಕು ಹೋಳು ತಿಂದ್ರೆ ಸಾಕು.

ಮತ್ತೆ ಟೀ ಕಾಫಿ. ಊಟದ ಜೊತೆ ಒಂದು ಕಪ್ ಟೀ ಕುಡಿದ್ರೆ ಐರನ್ ಸೇರೋದು ಅರ್ಧಕ್ಕಿಂತ ಜಾಸ್ತಿ ಕಮ್ಮಿ ಆಗಬಹುದು, ಕಾಫಿ ಅದಕ್ಕಿಂತ ಸ್ವಲ್ಪ ವಾಸಿ ಆದ್ರೂ ಅದೂ ತಡೆಯತ್ತೆ. ಇದ್ರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ, ಊಟಕ್ಕೆ ಒಂದು ಗಂಟೆ ಮೊದ್ಲು ಕುಡಿದ ಕಾಫಿಯಿಂದ ತೊಂದ್ರೆ ಇಲ್ಲ, ಆದ್ರೆ ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದ್ರೂ ಜೊತೇಲಿ ಕುಡಿದಷ್ಟೇ ತಡೆ ಆಗತ್ತೆ ಅಂತ ಪ್ರಯೋಗದಲ್ಲಿ ಕಂಡಿದೆ, ಯಾಕಂದ್ರೆ ತಿಂದದ್ದು ಇನ್ನೂ ಹೊಟ್ಟೇಲೇ ಇರತ್ತೆ. ಹಾಗಾಗಿ ಸೊಪ್ಪು ತಿಂದ್ಮೇಲೆ ಎರಡು ಗಂಟೆ ಬಿಡಿ. ನಮ್ಮಕ್ಕನ ಜ್ಯೂಸಿನ ಹಿಂದೇನೇ ಬರ್ತಿದ್ದ ಕಾಫಿ ಇದ್ದ ಚೂರುಪಾರು ಐರನ್ನನ್ನೂ ಸೇರೋಕೆ ಬಿಟ್ಟಿರ್ಲಿಲ್ಲ.

ಹಾಗಾದ್ರೆ ಹೇಗೆ ಬೇಯಿಸೋದು

ಒಬ್ಬರಿಗೆ ಕಡ್ಡಿ ತೆಗೆದ 50 ಗ್ರಾಂ ಎಲೆ ಸಾಕು. ಕಡ್ಡಿ ಬೆಂದ್ರೂ ನಾರೇ, ಬಿಡಿಸಿಬಿಡಿ. ಮೂರು ಸಲ ನೀರು ಬದಲಿಸಿ ತೊಳೀರಿ, ಹೆಚ್ಚೋದಿದ್ರೆ ತೊಳೆದ್ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆದ್ರೆ ಅಲ್ಲೇ ಒಂದಷ್ಟು ನೀರಿಗೆ ಹೋಗತ್ತೆ. ಪಾತ್ರೇಲಿ ಕಾಲು ಕಪ್ ನೀರು ಮೊದ್ಲು ಕುದಿ ಬರ್ಲಿ, ಆಮೇಲೆ ಸೊಪ್ಪು ಹಾಕಿ ಮುಚ್ಚಿ. ತಣ್ಣೀರಲ್ಲಿ ಸೊಪ್ಪು ಹಾಕಿ ನಿಧಾನಕ್ಕೆ ಬಿಸಿ ಮಾಡೋದು ಬೇಡ, ಆ ಉಗುರುಬೆಚ್ಚಗಿನ ಹೊತ್ತಲ್ಲೇ ಎಂಜೈಮ್‌ಗಳು ವಿಟಮಿನ್ ಸಿನ ತಿನ್ತಾ ಕೂರ್ತವೆ. ನಾಲ್ಕೈದು ನಿಮಿಷ ಸಾಕು. ಎರಡು ಬೆರಳಲ್ಲಿ ಹಿಸುಕಿದ್ರೆ ಎಲೆ ಮೆತ್ತಗಾಗಿರ್ಬೇಕು, ಬಣ್ಣ ಇನ್ನೂ ಗಾಢ ಹಸಿರೇ ಇರ್ಬೇಕು. ಬಣ್ಣ ಮಂಕಾಗಿ ಕಂದು ಹಸಿರಿಗೆ ತಿರುಗಿದ್ರೆ ಜಾಸ್ತಿ ಹೊತ್ತು ಬೆಂದಿದೆ ಅಂತ ಅರ್ಥ. ಹಸಿರು ಉಳೀಲಿ ಅಂತ ಸೋಡಾ ಹಾಕೋದು ಬೇಡವೇ ಬೇಡ, ಬಣ್ಣ ಉಳಿಯತ್ತೆ ಆದ್ರೆ ವಿಟಮಿನ್ ಸಿ ಹಾಳಾಗತ್ತೆ.

ಕೊನೇಲಿ ಪಾತ್ರೆ ತಳದಲ್ಲಿ ಎರಡು ಮೂರು ಚಮಚ ಹಸಿರು ನೀರು ಉಳಿದಿರತ್ತಲ್ಲ, ಅದು ಊಟಕ್ಕೆ ಬರ್ಲೇಬೇಕು. ಒಂದು ಚಮಚ ಎಣ್ಣೆ ಸೇರಿಸಿದ್ರೆ ಸೊಪ್ಪಲ್ಲಿರೋ ಬೀಟಾ ಕ್ಯಾರೊಟಿನ್ ಚೆನ್ನಾಗಿ ಸೇರತ್ತೆ. ಅದು ದೇಹದಲ್ಲಿ ವಿಟಮಿನ್ ಎ ಆಗತ್ತೆ, ವಿಟಮಿನ್ ಎ ಕಮ್ಮಿ ಇರೋರಲ್ಲಿ ಕೂಡಿಟ್ಟ ಐರನ್ ಕೂಡ ರಕ್ತ ಮಾಡೋಕೆ ಸರಿಯಾಗಿ ಬಳಕೆ ಆಗಲ್ಲ, ಹಾಗಾಗಿ ಇದೇನೂ ಸಣ್ಣ ವಿಷಯ ಅಲ್ಲ. ನಿಂಬೆ ರಸ ಮಾತ್ರ ಒಲೆ ಆರಿಸಿ, ತಟ್ಟೆಗೆ ಹಾಕ್ಕೊಂಡ ಮೇಲೆ ಹಿಂಡಿ. ಕುದೀತಿರೋವಾಗ ಹಿಂಡಿದ್ರೆ ಹುಳಿ ಉಳಿಯತ್ತೆ, ವಿಟಮಿನ್ ಅಷ್ಟು ಉಳಿಯಲ್ಲ, ಸೊಪ್ಪಿನ ಬಣ್ಣಾನೂ ಕೆಡತ್ತೆ.

ಬೇಳೆ ಜೊತೆ ಮಾಡೋದಾದ್ರೆ ಬೇಳೆನ ಮೊದ್ಲೇ ಬೇಯಿಸ್ಕೊಂಡು ಕೊನೇ ಐದು ನಿಮಿಷಕ್ಕೆ ಸೊಪ್ಪು ಹಾಕಿ. ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ವಿಷಲ್ ಕೂಗಿಸಿದ್ರೆ ಐರನ್ ಅಷ್ಟೇ ಇರತ್ತೆ, ವಿಟಮಿನ್ ಸಿ ಮತ್ತೆ ಫೋಲೇಟ್ ಹೋಗತ್ತೆ.

ಇನ್ನು ಒಣಗಿಸಿದ ಪುಡಿ ಬಗ್ಗೆ ಎಲ್ರೂ ಕೇಳ್ತಾರೆ. ಪುಡೀಲಿ ನೀರಿರಲ್ಲ, ಹಾಗಾಗಿ 100 ಗ್ರಾಂಗೆ 28 ಮಿಲಿಗ್ರಾಂ ಐರನ್ ಅಂತ ದೊಡ್ಡ ಸಂಖ್ಯೆ ಕಾಣ್ಸತ್ತೆ, ಅದನ್ನೇ ಹಸಿ ಪಾಲಕ್ ಪಕ್ಕ ಇಟ್ಟು ಇಷ್ಟು ಪಟ್ಟು ಜಾಸ್ತಿ ಅಂತ ಬರೀತಾರೆ. ಒಣಗಿದ್ದನ್ನ ಹಸಿ ಜೊತೆ ಹೋಲಿಸೋದು ನ್ಯಾಯಾನಾ? ಒಂದು ಟೀ ಚಮಚ ಅಂದ್ರೆ 2-3 ಗ್ರಾಂ, ಅದ್ರಲ್ಲಿ ಬರೋದು 0.6ರಿಂದ 0.8 ಮಿಲಿಗ್ರಾಂ, ಅಂದ್ರೆ ಎರಡು ಹಿಡಿ ಹಸಿ ಸೊಪ್ಪಿನಷ್ಟು. ವಿಟಮಿನ್ ಸಿ ಒಣಗೋವಾಗ್ಲೇ ಬಹುಪಾಲು ಹೋಗಿರತ್ತೆ. ಸರಿಯಾಗಿ ತೊಳೀದೆ ಒಣಗಿಸಿದ ಪುಡೀಲಿ ಮಣ್ಣಿನ ಧೂಳಿನ ಐರನ್ನೂ ಲೆಕ್ಕಕ್ಕೆ ಸೇರಿಕೊಂಡು ಸಂಖ್ಯೆ ಇನ್ನೂ ದೊಡ್ಡದಾಗತ್ತೆ, ಅದು ದೇಹಕ್ಕೆ ಅಷ್ಟಾಗಿ ಸೇರಲ್ಲ. ಪುಡಿ ಬಳಸೋದೇ ಆದ್ರೆ ನೀರಿಗೆ ಕಲಸಿ ಹಾಗೇ ಕುಡಿಯೋದಕ್ಕಿಂತ ಬೇಯ್ತಿರೋ ಅಡುಗೇಲಿ ಹಾಕಿ ಕುದಿಸಿ, ತೈವಾನಿನ ಅದೇ ಟೆಸ್ಟಲ್ಲಿ ಪುಡಿನ ಕುದಿಸಿದಾಗ್ಲೂ ಸಿಗೋ ಐರನ್ ಹೆಚ್ಚಾಗಿತ್ತು.

ಹಸಿ ಸೊಪ್ಪಿಗೆ ಜಾಗಾನೇ ಇಲ್ವಾ ಅಂದ್ರೆ, ಇದೆ. ಚಿಗುರೆಲೆ ಅರ್ಧ ಹಿಡಿ ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ ಊಟದ ಮೇಲೆ ಉದುರಿಸ್ಕೊಂಡ್ರೆ ರುಚಿ ಚೆನ್ನಾಗಿರತ್ತೆ, ಸ್ವಲ್ಪ ವಿಟಮಿನ್ ಸಿನೂ ಬರತ್ತೆ. ಇಷ್ಟ ಇದ್ರೆ ತಿನ್ನಿ, ಐರನ್‌ಗೆ ಅದನ್ನ ನಂಬ್ಕೊಂಡು ಕೂರ್ಬೇಡಿ. ಬಸುರಿ ಹೆಂಗಸರು ಹಸಿದು ಬಿಟ್ಟು ಬೆಂದಿದ್ದೇ ತಿಂದ್ರೆ ಒಳ್ಳೇದು, ತೊಳೆದ ಹಸಿ ಎಲೇಲೂ ಕ್ರಿಮಿ ಉಳಿದಿರಬಹುದು. ನುಗ್ಗೆ ಬೇರು, ತೊಗಟೆ ಕಷಾಯ ಬಸುರೀಲಿ ಮುಟ್ಟಲೇಬಾರದು, ಎಲೆ ವಿಷಯ ಬೇರೆ ಅದರ ವಿಷಯ ಬೇರೆ.

ಅಕ್ಕನ ಲೆಕ್ಕ

ಈಗ ನಾನು ಅಕ್ಕನ ಮುಂದೆ ಪೇಪರ್ ಮೇಲೆ ಬರೆದು ತೋರಿಸಿದ ಲೆಕ್ಕ. ಅವಳ ತೂಕ 50 ಕೆಜಿ, ಅಂದ್ರೆ ಮೈಯಲ್ಲಿ ರಕ್ತ ಸುಮಾರು ಮೂರೂಕಾಲು ಲೀಟರ್. ಹಿಮೋಗ್ಲೋಬಿನ್ ಒಂದು ಪಾಯಿಂಟ್ ಅಂದ್ರೆ ಒಂದು ಲೀಟರ್ ರಕ್ತಕ್ಕೆ 10 ಗ್ರಾಂ, ಹಾಗಾಗಿ 10ರಿಂದ 12ಕ್ಕೆ ತರೋಕೆ ಸುಮಾರು 65 ಗ್ರಾಂ ಹೊಸ ಹಿಮೋಗ್ಲೋಬಿನ್ ಬೇಕು, ಒಂದು ಗ್ರಾಂಗೆ 3.4 ಮಿಲಿಗ್ರಾಂ ಐರನ್, ಒಟ್ಟು 220 ಮಿಲಿಗ್ರಾಂ ದೇಹದ ಒಳಕ್ಕೆ ಸೇರ್ಬೇಕು. ಇದು ಬರೀ ರಕ್ತಕ್ಕೆ, ಖಾಲಿ ಆಗಿರೋ ಉಗ್ರಾಣ ತುಂಬೋಕೆ ಇನ್ನೂ 200-300 ಬೇರೆ.

ಸೊಪ್ಪಿಂದ ಎಷ್ಟು ಬರತ್ತೆ? 50 ಗ್ರಾಂ ಸೊಪ್ಪಲ್ಲಿ 2 ಮಿಲಿಗ್ರಾಂ. ಐರನ್ ಕಮ್ಮಿ ಇರೋರ ಕರುಳು ಮಾಮೂಲಿಗಿಂತ ಜಾಸ್ತಿ ಹೀರ್ಕೊಳತ್ತೆ, ನಿಂಬೆ ಹಿಂಡಿದೀವಿ, ಕಾಫಿ ಬಿಟ್ಟಿದೀವಿ, ಹಾಗಾಗಿ ಉದಾರವಾಗಿ 15 ಪರ್ಸೆಂಟ್ ಸೇರತ್ತೆ ಅಂತ ಇಟ್ಕೊಳೋಣ. ದಿನಕ್ಕೆ 0.3 ಮಿಲಿಗ್ರಾಂ, ತಿಂಗಳಿಗೆ 9. ಬೇರೆ ಯಾವ ಖರ್ಚೂ ಇಲ್ಲ ಅಂದ್ಕೊಂಡ್ರೂ 220 ತುಂಬೋಕೆ ಎರಡು ವರ್ಷ ಬೇಕು.

ಆದ್ರೆ ಖರ್ಚಿದೆ. ಅವಳಿಗೆ ಪೀರಿಯಡ್ಸ್ ಏಳೆಂಟು ದಿನ, ಎರಡು ಮೂರು ದಿನ ಪ್ಯಾಡ್ ಗಂಟೆ ಎರಡು ಗಂಟೆಗೊಂದು ಬದಲಿಸ್ಬೇಕು, ಗಡ್ಡೆ ಗಡ್ಡೆ ಹೋಗತ್ತೆ. ತಿಂಗಳಿಗೆ 80 ಮಿಲಿಗಿಂತ ಜಾಸ್ತಿ ಹೋದ್ರೆ ಅದನ್ನ ಹೆವಿ ಅಂತಾರೆ. 100 ಮಿಲಿ ಅಂತ ಇಟ್ಕೊಂಡ್ರೆ, ಅವಳ ಆ ತೆಳು ರಕ್ತದಲ್ಲೂ 100 ಮಿಲೀಲಿ ಸುಮಾರು 35 ಮಿಲಿಗ್ರಾಂ ಐರನ್ ಹೋಗತ್ತೆ. ಬರೋದು 9, ಪೀರಿಯಡ್ಸಲ್ಲೇ ಹೋಗೋದು 35, ಅದಲ್ಲದೆ ಚರ್ಮ ಕರುಳಿಂದ ಎಲ್ಲರಿಗೂ ದಿನಾ ಸ್ವಲ್ಪ ಹೋಗೋದು ಇದ್ದೇ ಇದೆ. ಉಳಿದ ಊಟದ ಐರನ್ ಎಲ್ಲಾ ಸೇರಿದ್ರೂ ಸರಿದೂಗ್ತಿರ್ಲಿಲ್ಲ, ಅದಕ್ಕೇ 10 ಇದ್ದಿದ್ದು 9.8 ಆಗಿದ್ದು. ಅವಳ ಶ್ರದ್ಧೇಲಿ ಏನೂ ಕೊರತೆ ಇರ್ಲಿಲ್ಲ, ಲೆಕ್ಕ ಕೂಡ್ತಿರ್ಲಿಲ್ಲ ಅಷ್ಟೇ.

ಡಾಕ್ಟರ್ ಕೊಟ್ಟ ಒಂದು ಮಾತ್ರೇಲಿ 60 ಮಿಲಿಗ್ರಾಂ ಐರನ್ ಇತ್ತು, ಅಂದ್ರೆ 30 ತಟ್ಟೆ ಸೊಪ್ಪಿನಷ್ಟು. ದಿನಾ ತಗೊಂಡಾಗ ವಾಕರಿಕೆ, ಮಲಬದ್ಧತೆ ಆಗಿ ಅವಳು ನಿಲ್ಲಿಸೋಕೆ ಹೊರಟಿದ್ಳು. ಮತ್ತೆ ಕೇಳಿದಾಗ ಡಾಕ್ಟರ್ ದಿನ ಬಿಟ್ಟು ದಿನ ತಗೊಳೋಕೆ ಹೇಳಿದ್ರು. ಇದಕ್ಕೆ ಕಾರಣ ಇದೆ, ಒಂದು ಮಾತ್ರೆ ನುಂಗಿದ್ಮೇಲೆ ದೇಹದಲ್ಲಿ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಅರ್ಧ ಮುಚ್ಚಿಡತ್ತೆ, ಐರನ್ ಕಮ್ಮಿ ಇರೋ ಹೆಂಗಸರ ಮೇಲೆ ಸ್ವಿಟ್ಜರ್ಲೆಂಡಿನೋರು ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ದಿನ ಬಿಟ್ಟು ದಿನ ಕೊಟ್ಟಾಗ ಮಾತ್ರೆಯ ಐರನ್ ಹೆಚ್ಚು ಸೇರಿತ್ತು. ಬಸುರಿಯರು, ಹಿಮೋಗ್ಲೋಬಿನ್ ತುಂಬಾ ಕಮ್ಮಿ ಇರೋರು ತಾವಾಗೇ ಹೀಗೆ ಬದಲಿಸ್ಬೇಡಿ, ಕೇಳಿ ಮಾಡಿ. ಮಾತ್ರೆ ಮತ್ತೆ ಸೊಪ್ಪಿನ ಊಟ ಒಟ್ಟಿಗೆ ಬೇಡ, ಸೊಪ್ಪಿನ ಪಾಲಿಫಿನಾಲ್ ಮಾತ್ರೆಯ ಐರನ್ನೂ ಹಿಡ್ಕೊಳತ್ತೆ, ಎರಡು ಗಂಟೆ ಅಂತರ ಇರ್ಲಿ. ಥೈರಾಯ್ಡ್, ಶುಗರ್, ಬಿಪಿ ಮಾತ್ರೆ ತಗೊಳೋರು ಊಟದಲ್ಲಿ ಸೊಪ್ಪು ತಿನ್ನೋಕೆ ಹೆದರ್ಬೇಕಾಗಿಲ್ಲ, ಆದ್ರೆ ನುಗ್ಗೆ ಕ್ಯಾಪ್ಸೂಲ್, ಎಕ್ಸ್‌ಟ್ರಾಕ್ಟ್ ಥರದ್ದು ಶುರು ಮಾಡೋ ಮೊದ್ಲು ಡಾಕ್ಟರಿಗೆ ಹೇಳ್ಬೇಕು.

ಇನ್ನೊಂದು, ಹಿಮೋಗ್ಲೋಬಿನ್ ಕಮ್ಮಿ ಅಂದ ತಕ್ಷಣ ಐರನ್ನೇ ಕಮ್ಮಿ ಅಂತಲ್ಲ. ಬಿ12 ಕಮ್ಮಿ ಇದ್ರೂ ಇಳಿಯತ್ತೆ, ಥಲಸ್ಸೀಮಿಯಾ ಮೈನರ್ ಇರೋರಲ್ಲಿ ಹುಟ್ಟಿಂದ್ಲೇ ಸ್ವಲ್ಪ ಕಮ್ಮಿ ಇರತ್ತೆ, ಅವ್ರಿಗೆ ಐರನ್ ಸುರಿದ್ರೆ ಉಪಯೋಗ ಇಲ್ಲ. ಅದಕ್ಕೇ ಫೆರಿಟಿನ್ ಟೆಸ್ಟ್ ಮಾಡ್ಸಿ, ಬೇರೆ ಕಾಯಿಲೆ ಇಲ್ದೇ ಇರೋರಲ್ಲಿ ಅದು 15ರ ಕೆಳಗೆ ಇದ್ರೆ ಐರನ್ ಖಾಲಿ ಅಂತಾನೇ ಅರ್ಥ. ಜ್ವರ, ಸೋಂಕು ಇರೋವಾಗ ಮಾಡ್ಸಿದ್ರೆ ಫೆರಿಟಿನ್ ಸುಳ್ಳೇ ಜಾಸ್ತಿ ತೋರ್ಸತ್ತೆ, ವಾಸಿ ಆದ್ಮೇಲೆ ಮಾಡ್ಸಿ. ಮಾತ್ರೆ ಸರಿಯಾಗಿ ತಗೊಂಡು ಒಂದು ತಿಂಗಳಾದ್ರೂ ಹಿಮೋಗ್ಲೋಬಿನ್ ಒಂದು ಪಾಯಿಂಟೂ ಏರಿಲ್ಲ ಅಂದ್ರೆ ಎಲ್ಲೋ ಸೋರಿಕೆ ಇದೆ ಇಲ್ಲಾ ಕರುಳು ಹೀರ್ಕೊಳ್ತಿಲ್ಲ, ಅದನ್ನ ಹುಡುಕ್ಬೇಕು.

ಅಕ್ಕಂಗೆ ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನೋ ಗಂಟು ಸಿಕ್ತು, ಅದಕ್ಕೆ ಚಿಕಿತ್ಸೆ ಶುರು ಆಗಿ ರಕ್ತ ಹೋಗೋದು ಕಮ್ಮಿ ಆಯ್ತು. ಐದು ತಿಂಗಳ ಮಾತ್ರೆ ಆದ್ಮೇಲೆ ಹಿಮೋಗ್ಲೋಬಿನ್ 12.4, ಫೆರಿಟಿನ್ 34. ಈಗ ಮಾತ್ರೆ ನಿಲ್ಸಿದಾರೆ. ನುಗ್ಗೆ ಸೊಪ್ಪು ಇಲ್ಲೇ ನಿಜವಾಗಿ ಕೆಲಸಕ್ಕೆ ಬರೋದು, ತುಂಬಿರೋದನ್ನ ಹಾಗೇ ಉಳಿಸ್ಕೊಳೋಕೆ. ವಾರದಲ್ಲಿ ನಾಲ್ಕು ದಿನ ಮಧ್ಯಾಹ್ನದ ಊಟಕ್ಕೆ ಐದು ಹಿಡಿ ಸೊಪ್ಪು, ಐದು ನಿಮಿಷ ಬೇಯಿಸಿ, ನೀರಿನ ಸಮೇತ, ಮೇಲೊಂದು ನಿಂಬೆಹಣ್ಣು, ಕಾಫಿ ನಾಲ್ಕು ಗಂಟೆಗೆ. ಆರು ತಿಂಗಳಿಗೆ ಮತ್ತೆ ಟೆಸ್ಟ್ ಇದೆ. ಅದ್ರಲ್ಲಿ ಫೆರಿಟಿನ್ ಇಳಿದಿದ್ರೆ ಸೊಪ್ಪು ಡಬಲ್ ಮಾಡೋದಲ್ಲ, ಮೊದ್ಲು ಹೋಗಿ ಫೈಬ್ರಾಯ್ಡ್ ತೋರಿಸ್ಕೊಂಡು ಬರೋದು ಅಂತ ಇಬ್ರೂ ಮಾತಾಡ್ಕೊಂಡಿದೀವಿ.